ವರದಿ ಓದುವ ಹತ್ತು ನಿಮಿಷ

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಊರುಗಳಲ್ಲಿ ಶಾಲಾ ವಾರ್ಷಿಕೋತ್ಸವಗಳು ಶುರುವಾಗುತ್ತವೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಮುಗಿದ ಮೇಲೆ ನಿರೂಪಣೆ ಮಾಡುವವರು ಹೇಳುತ್ತಾರೆ: "ಈಗ ವರದಿ ವಾಚನ." ಆಗ ಮುಖ್ಯ ಶಿಕ್ಷಕರು, ಕೆಲವು ಕಡೆ ಪ್ರಾಂಶುಪಾಲರು, ಕಾಗದ ಹಿಡಿದು ಮೈಕಿನ ಹತ್ತಿರ ಬರುತ್ತಾರೆ. ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿ ಒಂಬತ್ತು ಸಲ ಹೀಗೆ ನಿಂತಿದ್ದೇನೆ. ಆ ಕಾಗದದಲ್ಲಿ ಏನಿರಬೇಕು ಅನ್ನುವುದನ್ನು ನಾನು ಕಲಿತದ್ದು ನಿಧಾನವಾಗಿ. ಅದನ್ನೇ ಇವತ್ತು ಹೇಳುತ್ತೇನೆ.

ಮೊದಲ ವರ್ಷ ನನ್ನ ವರದಿ ಹನ್ನೊಂದು ಪುಟ ಇತ್ತು. ಜೂನ್ ತಿಂಗಳ ದಾಖಲಾತಿಯಿಂದ ಹಿಡಿದು ಆಚರಿಸಿದ ಎಲ್ಲ ಜಯಂತಿಗಳ ತನಕ ಬರೆದಿದ್ದೆ. ಓದಿ ಮುಗಿಸಲು ಇಪ್ಪತ್ತೆರಡು ನಿಮಿಷ ಆಯಿತು. ಪರದೆಯ ಹಿಂದೆ ಕೋಲಾಟದ ಹುಡುಗಿಯರು ಬಣ್ಣ ಹಚ್ಚಿಕೊಂಡು ನಿಂತಿದ್ದರು. ನಾನು ಒಳಗೆ ಹೋದಾಗ ಎಂಟನೇ ತರಗತಿಯ ಒಬ್ಬಳು ಕೋಲು ಹಿಡಿದುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು. ಅವಳ ತಾಯಿ ಕೂಲಿ ಬಿಟ್ಟು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಅವರು ಬಂದದ್ದು ಮಗಳ ಕುಣಿತ ನೋಡುವುದಕ್ಕೆ. ಅವತ್ತಿನಿಂದ ವರದಿಯನ್ನು ಹತ್ತು ನಿಮಿಷಕ್ಕೆ ಇಳಿಸಿದೆ. ಮಿಕ್ಕ ವಿವರವೆಲ್ಲ ಒಂದು ಫೈಲಿನಲ್ಲಿ ಮೇಜಿನ ಮೇಲೆ ಇರುತ್ತದೆ, ಬೇಕಾದವರು ನೋಡಬಹುದು.

ಈಗ ಫಲಿತಾಂಶದ ಮಾತು. ಪೋಷಕರು ಕಿವಿ ನೆಟ್ಟಗೆ ಮಾಡುವುದು ಇಲ್ಲೇ. ನಾವು ಸುಮ್ನೆ ಒಂದು ಶೇಕಡಾ ಹೇಳಿ ಮುಂದೆ ಹೋಗುವುದೂ ಇಲ್ಲೇ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಜೂನ್‌ನಲ್ಲಿ ಹತ್ತನೇ ತರಗತಿಯಲ್ಲಿ 52 ಮಕ್ಕಳಿದ್ದರು. ಪರೀಕ್ಷೆ ಹೊತ್ತಿಗೆ ಮೂವರು ಬರಲಿಲ್ಲ, 49 ಮಂದಿ ಬರೆದರು. ಎಸ್‌ಎಸ್‌ಎಲ್‌ಸಿಗೆ 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಶುರುವಾದವು, ಅಲ್ವಾ? ಪರೀಕ್ಷೆ ಒಂದರಲ್ಲಿ 37 ಮಕ್ಕಳು ಪಾಸಾದರು. ಉಳಿದ ಎರಡರಲ್ಲಿ ಇನ್ನೂ 7 ಮಂದಿ ದಾಟಿದರು. ಈಗ ನಿಮ್ಮ ಶಾಲೆಯ ಫಲಿತಾಂಶ ಎಷ್ಟು? ಪರೀಕ್ಷೆ ಒಂದನ್ನು ಹಿಡಿದರೆ ಶೇಕಡಾ 75ಕ್ಕಿಂತ ಸ್ವಲ್ಪ ಹೆಚ್ಚು. ಮೂರನ್ನೂ ಸೇರಿಸಿದರೆ ಹೆಚ್ಚುಕಡಿಮೆ 90. ಜೂನ್‌ನಲ್ಲಿ ಸೇರಿದ್ದ 52 ಮಕ್ಕಳ ಮೇಲೆ ಲೆಕ್ಕ ಹಾಕಿದರೆ 85ಕ್ಕಿಂತ ಸ್ವಲ್ಪ ಕಡಿಮೆ. ಮೂರೂ ಸುಳ್ಳಲ್ಲ. ಆದರೆ 90 ಅಂತ ಮಾತ್ರ ಹೇಳಿದರೆ, ಪರೀಕ್ಷೆಗೇ ಬಾರದ ಆ ಮೂವರು ವರದಿಯಿಂದಲೇ ಮಾಯವಾಗುತ್ತಾರೆ.

ಅದಕ್ಕೇ ನಾನು ಶೇಕಡಾ ಬಿಟ್ಟು ತಲೆ ಎಣಿಸಿ ಹೇಳಲು ಶುರು ಮಾಡಿದೆ. "52 ಮಕ್ಕಳು ಸೇರಿದ್ದರು. 44 ಮಂದಿ ಪಾಸಾಗಿದ್ದಾರೆ. ಐವರು ಬರೆದೂ ಪಾಸಾಗಿಲ್ಲ. ಮೂವರು ಬರೆಯಲೇ ಇಲ್ಲ. ಈ ಎಂಟೂ ಮನೆಗೆ ನಾವು ಹೋಗಿ ಬಂದಿದ್ದೇವೆ." ಹೀಗೆ ಹೇಳಿದರೆ ಹಿಂದಿನ ಸಾಲಿನ ಅಜ್ಜನಿಗೂ ಅರ್ಥವಾಗುತ್ತದೆ. ಆದರೆ ಆ ಎಂಟು ಮಕ್ಕಳ ಹೆಸರು ಮೈಕಿನಲ್ಲಿ ಬರಬಾರದು. ಊರಿನಲ್ಲಿ ಆ ಮಗು ನಾಳೆಯೂ ಓಡಾಡಬೇಕು.

ಹೋದ ವರ್ಷಕ್ಕೆ ಹೋಲಿಸುವಾಗಲೂ ಜಾಗ್ರತೆ ಬೇಕು. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಪರೀಕ್ಷೆ ಒಂದರ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಜಾಸ್ತಿ ಮಾಡಿದ ಮೇಲೆ. ಆ ವರ್ಷ ನಿಮ್ಮ ಶಾಲೆಯಲ್ಲಿ ಐದು ಅಂಕಿ ಕಡಿಮೆಯಾಗಿದ್ದರೆ, ರಾಜ್ಯದಲ್ಲಿ ಹತ್ತು ಕಡಿಮೆಯಾಗಿದೆ ಅನ್ನುವುದನ್ನೂ ಜೊತೆಗೇ ಹೇಳಬೇಕು. ಹಾಗೆಯೇ ಅಳತೆ ಸಡಿಲವಾದ ವರ್ಷ ನಮ್ಮ ಅಂಕಿ ಏರಿದ್ದರೆ, ಅದನ್ನೂ ಮುಚ್ಚಿಡಬಾರದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ನನಗೆ ಹೊಳೆದದ್ದು ಮೂರು ನಾಲ್ಕು ವರ್ಷ ಕಳೆದ ಮೇಲೆ. ನಾವು ಓದುವ ಫಲಿತಾಂಶ ಹೋದ ಬೇಸಿಗೆಯದು. ಆ ಮಕ್ಕಳು ಆಗಲೇ ಪಿಯುಸಿಗೋ ಐಟಿಐಗೋ ಹೋಗಿಯಾಗಿದೆ. ಶಾಮಿಯಾನದ ಕೆಳಗೆ ಕೂತಿರುವುದು ಈ ವರ್ಷದ ಹತ್ತನೇ ತರಗತಿ ಮಕ್ಕಳ ಅಪ್ಪ ಅಮ್ಮ. ಅವರಿಗೆ ಬೇಕಾದದ್ದು ಈ ವರ್ಷದ ಸುದ್ದಿ. ಪರೀಕ್ಷೆಗೆ ಇನ್ನು ಎರಡು ಮೂರು ತಿಂಗಳು ಇರುತ್ತದೆ, ಏನಾದರೂ ಮಾಡಲು ಸಮಯ ಉಂಟು. ಹಾಗಾಗಿ ಅಕ್ಟೋಬರ್‌ನೊಳಗೆ ಮುಗಿದ ಅರ್ಧವಾರ್ಷಿಕ ಪರೀಕ್ಷೆಯ ಸ್ಥಿತಿಯನ್ನು ನಾನು ವರದಿಗೆ ಸೇರಿಸಿದೆ.

ಒಂದು ವರ್ಷ ಹೀಗೆ ಓದಿದೆ: "ಈ ಸಲ ಗಣಿತದಲ್ಲಿ 14 ಮಕ್ಕಳು ಹಿಂದೆ ಇದ್ದಾರೆ. ಜೂನ್‌ನಿಂದ ಆಗಸ್ಟ್ ತನಕ ಗಣಿತದ ಹುದ್ದೆ ಖಾಲಿ ಇತ್ತು. ಈಗ ಅತಿಥಿ ಶಿಕ್ಷಕರು ಬಂದಿದ್ದಾರೆ. ಈ ಮಕ್ಕಳಿಗೆ ತೊಡಕಾಗಿರುವುದು ಹತ್ತನೇ ತರಗತಿಯ ಪಾಠವಲ್ಲ, ಭಾಗಾಕಾರ ಮತ್ತು ಭಿನ್ನರಾಶಿ. ಅವರಿಗೆ ಸಂಜೆ ಬೇರೆ ತರಗತಿ ನಡೆಸುತ್ತಿದ್ದೇವೆ." ಓದಿ ಮುಗಿಸಿ ಕೆಳಗಿಳಿದಾಗ ಒಬ್ಬ ತಾಯಿ ಹತ್ತಿರ ಬಂದರು. "ಮೇಡಂ, ನಮ್ಮೂರಿನ ಕಡೇ ಬಸ್ಸು ಐದೂ ಕಾಲಿಗೆ. ಸಂಜೆ ಕ್ಲಾಸಿಗೆ ನಮ್ಮ ಹುಡುಗ ಹೆಂಗೆ ನಿಲ್ತಾನೆ?" ಅಂದರು. ಹಾಜರಿ ಪುಸ್ತಕ ತೆಗೆದು ನೋಡಿದೆ. ಆ ಬಸ್ಸಿನ ಐದು ಮಕ್ಕಳೂ ಸಂಜೆ ತರಗತಿಗೆ ಅರ್ಧದಷ್ಟು ದಿನಗಳು ಬಂದೇ ಇರಲಿಲ್ಲ. ಮರುವಾರ ತರಗತಿಯನ್ನು ಬೆಳಗ್ಗೆ ಎಂಟೂವರೆಗೆ ಬದಲಾಯಿಸಿದೆವು. ಶೇಕಡಾ ಮಾತ್ರ ಓದಿದ್ದರೆ ಆ ತಾಯಿ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು.

ಸಾಧನೆಯ ಭಾಗಕ್ಕೆ ಬರೋಣ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಿಜ್ಞಾನ ವಸ್ತುಪ್ರದರ್ಶನ ಇವೆಲ್ಲ ಇದ್ದೇ ಇರುತ್ತವೆ. ಬಹುಮಾನ ಪಡೆದ ಮಗುವಿನ ಹೆಸರು ಓದಿ, ಎದ್ದು ನಿಲ್ಲಿಸಿದರೆ ಸಾಕು. ಹೆಚ್ಚು ವಿವರಿಸಬೇಕಾದದ್ದು ಬೇರೆ ಮನೆಯವರಿಗೂ ದಾರಿ ತೋರಿಸುವಂಥ ಸಾಧನೆಯನ್ನು.

ಎನ್‌ಎಂಎಂಎಸ್ ಅನ್ನೇ ತಗೊಳ್ಳಿ. "ನಮ್ಮ ಇಬ್ಬರು ಮಕ್ಕಳು ಎನ್‌ಎಂಎಂಎಸ್‌ಗೆ ಆಯ್ಕೆಯಾಗಿದ್ದಾರೆ" ಅಂದರೆ ಹಳ್ಳಿಯ ಪೋಷಕರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಹೇಳಬಹುದು: "ಇದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಬರೆಯುವ ಪರೀಕ್ಷೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಒಟ್ಟು 48,000 ರೂಪಾಯಿ. ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಈಗಲೇ ಸರಿ ಮಾಡಿಟ್ಟುಕೊಳ್ಳಿ." ಅರ್ಧ ನಿಮಿಷದ ಮಾತು. ನಾನು ಹೀಗೆ ಓದಿದ ವರ್ಷ, ಏಳನೇ ತರಗತಿ ಓದುವ ಮಕ್ಕಳ ತಂದೆಯರೂ ಬಂದು ವಿಚಾರಿಸಿದರು.

ಕೊನೆಯದು ಅಗತ್ಯಗಳ ಭಾಗ. ವರದಿಯಲ್ಲಿ ಅತಿ ಕಷ್ಟದ್ದು ಇದು. ಕೇಳುವುದಕ್ಕೆ ಸಂಕೋಚ ಆಗುತ್ತದೆ, ಆ ಸಂಕೋಚದಲ್ಲಿ ಎಲ್ಲವನ್ನೂ ಒಟ್ಟಿಗೆ ಗಡಿಬಿಡಿಯಲ್ಲಿ ಓದಿಬಿಡುತ್ತೇವೆ. ಮೊದಲ ವರ್ಷ ನಾನು ಹದಿನಾಲ್ಕು ಬೇಡಿಕೆ ಓದಿದೆ. ಎರಡು ಕೊಠಡಿ, ಕಾಂಪೌಂಡು, ಕಂಪ್ಯೂಟರು, ಬೆಂಚು, ಗಂಟೆ, ಧ್ವಜಸ್ತಂಭದ ಕಟ್ಟೆ. ಅತಿಥಿಗಳು ತಲೆ ಆಡಿಸಿದರು. ಒಂದೂ ಬರಲಿಲ್ಲ.

ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕೂರಿಸಿಕೊಂಡು ಹೇಳಿದರು: "ಪಟ್ಟಿಯನ್ನು ನಾಲ್ಕು ಪಾಲು ಮಾಡಮ್ಮ. ಶಿಕ್ಷಕರ ಹುದ್ದೆ ಇಲಾಖೆ ಕೊಡಬೇಕು. ಕೊಠಡಿಗೆ ಶಾಸಕರ ಅನುದಾನ ಕೇಳು. ಕಾಂಪೌಂಡನ್ನು ಪಂಚಾಯಿತಿಯವರು ನರೇಗಾದಲ್ಲಿ ಮಾಡಿಸಬಹುದು. ಇವಕ್ಕೆಲ್ಲ ಮೊದಲು ಎಸ್‌ಡಿಎಂಸಿ ಸಭೆಯ ನಡಾವಳಿ ಬರೆಸು, ಮನವಿ ಪತ್ರ ಮಾಡಿ ಸಂಬಂಧಪಟ್ಟವರ ಕೈಗೆ ಕೊಡು. ಊರಿನವರ ಮುಂದೆ, ಊರಿನವರ ಕೈಲಿ ಆಗುವುದನ್ನು ಮಾತ್ರ ಕೇಳು. ಅದೂ ಒಂದೇ."

ಅವರ ಮಾತು ಕೇಳಿದ ವರ್ಷ ನಾವು ಆರಿಸಿಕೊಂಡದ್ದು ನೀರನ್ನು. ಶಾಲೆಯಲ್ಲಿ 118 ಹೆಣ್ಣುಮಕ್ಕಳು, ಮೂರು ಶೌಚಾಲಯ. ಮೇಲಿದ್ದದ್ದು 500 ಲೀಟರಿನ ಟ್ಯಾಂಕು. ಬೆಳಗ್ಗೆ ತುಂಬಿಸಿದರೆ ಹನ್ನೊಂದು ಗಂಟೆಗೆ ಖಾಲಿ. ನಮ್ಮ ಶಿಕ್ಷಕಿಯರು ಗಮನಿಸಿದ್ದು ಇನ್ನೊಂದು: ಹುಡುಗಿಯರು ಮನೆಯಿಂದ ತಂದ ನೀರಿನ ಬಾಟಲಿ ಸಂಜೆಯೂ ತುಂಬಿಯೇ ಇರುತ್ತಿತ್ತು. ಶೌಚಾಲಯಕ್ಕೆ ಹೋಗಬೇಕಾದೀತು ಅಂತ ಅವರು ಇಡೀ ದಿನ ನೀರೇ ಕುಡಿಯುತ್ತಿರಲಿಲ್ಲ. ತಿಂಗಳ ಆ ದಿನಗಳಲ್ಲಿ ಕೆಲವರು ಶಾಲೆಗೇ ಬರುತ್ತಿರಲಿಲ್ಲ.

ನಾನು ವರದಿಯಲ್ಲಿ ಇದನ್ನೇ ಹೇಳಿದೆ. "ಮೂಲಭೂತ ಸೌಕರ್ಯದ ಕೊರತೆ" ಅನ್ನಲಿಲ್ಲ. ತುಂಬಿದ ಬಾಟಲಿಯ ವಿಷಯ ಹೇಳಿದೆ. ಹೇಳುವ ಮುಂಚೆ ಪ್ಲಂಬರ್ ಕರೆಸಿ ಅಳತೆ ಮಾಡಿಸಿ ಪಟ್ಟಿ ಬರೆಸಿದ್ದೆ. 2,000 ಲೀಟರ್ ಟ್ಯಾಂಕು, ಅರ್ಧ ಎಚ್‌ಪಿ ಮೋಟರು, ಅರವತ್ತು ಅಡಿ ಪೈಪು, ಟ್ಯಾಂಕು ಕೂರಿಸಲು ಕಟ್ಟೆ. ಎಲ್ಲ ಸೇರಿ 23,500 ರೂಪಾಯಿ. ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಓದಿದೆ. ಬಿಡಿಸಿ ಹೇಳಿದರೆ, ಟ್ಯಾಂಕು ಕೊಡಲಾಗದವರು ಪೈಪು ಕೊಡುತ್ತಾರೆ. ಪೈಪು ಕೊಡಲಾಗದವರು ಕಟ್ಟೆ ಕಟ್ಟುವ ಕೆಲಸಕ್ಕೆ ಬರುತ್ತಾರೆ. ಕೊಟ್ಟ ಹಣಕ್ಕೆಲ್ಲ ಎಸ್‌ಡಿಎಂಸಿ ರಸೀದಿ ಇರುತ್ತದೆ, ಹಣ ಖಾತೆಗೇ ಹೋಗುತ್ತದೆ ಅಂತಲೂ ಹೇಳಿದೆ. ಈ ಒಂದು ವಾಕ್ಯ ಬಿಟ್ಟರೆ ಜನ ಜೇಬಿಗೆ ಕೈ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಅವರ ತಪ್ಪಲ್ಲ ಅದು.

ಕಾರ್ಯಕ್ರಮ ಮುಗಿಯುವ ಮೊದಲೇ ಹಳೇ ವಿದ್ಯಾರ್ಥಿಯೊಬ್ಬರು ಟ್ಯಾಂಕು ತಮ್ಮದು ಅಂದರು. ಉಳಿದದ್ದು ಕೈಯಿಂದ ಕೈಗೆ ಕೂಡಿತು.

ಮುಂದಿನ ವರ್ಷ ನನ್ನ ವರದಿ ಫಲಿತಾಂಶದಿಂದ ಶುರುವಾಗಲಿಲ್ಲ. ಮೊದಲ ಪುಟದಲ್ಲಿ ನೀರಿನ ಲೆಕ್ಕ ಇತ್ತು. ಯಾರು ಏನು ಕೊಟ್ಟರು ಅನ್ನುವುದನ್ನು ಚಿಕ್ಕ ಮೊತ್ತದಿಂದ ಶುರು ಮಾಡಿ ಓದಿದೆ. ಮೊದಲ ಹೆಸರು ನಮ್ಮ ಬಿಸಿಯೂಟದ ಅಕ್ಕನದು, 200 ರೂಪಾಯಿ. ಟ್ಯಾಂಕಿನ ಬೆಲೆಯೂ ಸೇರಿ ಬಂದದ್ದು 24,300, ಖರ್ಚು 23,500, ಉಳಿದದ್ದು 800. ಆ ಎಂಟುನೂರರಲ್ಲಿ ಕೈ ತೊಳೆಯುವ ಕಡೆ ಎರಡು ನಲ್ಲಿ ಹಾಕಿಸಿದ್ದೆವು. ಬಿಲ್ಲನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದೆವು. ಆಮೇಲೆ ಆ ವರ್ಷದ ಬೇಡಿಕೆ ಓದಿದೆ. ಅವತ್ತೂ ಒಂದೇ ಇತ್ತು: ಪ್ರಯೋಗಾಲಯಕ್ಕೆ ಎರಡು ಬೀರು.

ನಮಸ್ಕಾರ.