ಉಕ್ಕಿನ ಸರಳು ಮತ್ತು ಮೂರು ಬಗೆಯ ಪದಗಳು
(ಕಲಬುರಗಿಯಲ್ಲಿ ಎಂಜಿನಿಯರಿಂಗ್ ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸ)

ಆತ್ಮೀಯರೇ,

ಕನ್ನಡದಲ್ಲಿ ಎಂಜಿನಿಯರಿಂಗ್ ಪಠ್ಯ ಬರೆಯಲು ಕುಳಿತವರು ಮೊದಲ ವರ್ಷದ ಒಂದೇ ಒಂದು ಲೆಕ್ಕದಲ್ಲಿ ಎಡವುತ್ತಾರೆ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ. ಎರಡು ಮೀಟರ್ ಉದ್ದ, 20 ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳನ್ನು 62.8 ಕಿಲೋನ್ಯೂಟನ್ ಬಲದಿಂದ ಜಗ್ಗುತ್ತೇವೆ. ಸರಳಿನ ಅಡ್ಡ ಕೊಯ್ತದ ವಿಸ್ತೀರ್ಣ ಸುಮಾರು 314 ಚದರ ಮಿಲಿಮೀಟರ್. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಪ್ರತಿ ಚದರ ಮಿಲಿಮೀಟರಿಗೆ 200 ನ್ಯೂಟನ್ ಬರುತ್ತದೆ. ಸರಳು ಎರಡು ಮಿಲಿಮೀಟರ್ ಉದ್ದವಾಗುತ್ತದೆ, ಅಂದರೆ ತನ್ನ ಉದ್ದದ ಸಾವಿರದ ಒಂದು ಪಾಲು. ಬಲ ತೆಗೆದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಇಷ್ಟು ಹೇಳಲು ಪಾರಿಭಾಷಿಕ ಪದ ಬೇಕಾಗಲಿಲ್ಲ. ಆ 200ಕ್ಕೂ, ಸಾವಿರದ ಒಂದು ಪಾಲಿಗೂ, ಮರಳುವ ಗುಣಕ್ಕೂ ಹೆಸರಿಡಲು ಹೊರಟಾಗ ತೊಡಕು ಶುರುವಾಗುತ್ತದೆ.

ಮೊದಲನೆಯದಕ್ಕೆ ‘ಒತ್ತಡ’ ಎನ್ನುವುದು ಕೈಗೆ ಸಿಗುವ ಪದ. ಆದರೆ ಹೈಸ್ಕೂಲಿನಲ್ಲಿ ದ್ರವ ಮತ್ತು ಅನಿಲಗಳ ಪಾಠದಲ್ಲಿ ವಿದ್ಯಾರ್ಥಿ ಅದನ್ನು ಬೇರೆ ಅರ್ಥದಲ್ಲಿ ಕಲಿತಿದ್ದಾನೆ. ಎರಡನ್ನೂ ಅಳೆಯುವ ಏಕಮಾನ ಒಂದೇ ಆಗಿರುವುದರಿಂದ ಗೊಂದಲ ಇನ್ನಷ್ಟು ಆಳ. ಮೇಲಾಗಿ ನಮ್ಮ ಸರಳನ್ನು ನಾವು ಜಗ್ಗಿದ್ದೇವೆ, ಒತ್ತಿಲ್ಲ. ‘ಜಗ್ಗುವುದರಿಂದ ಆದ ಒತ್ತಡ’ ಎಂದು ಬರೆದರೆ ಓದುವವನು ವಾಕ್ಯದಲ್ಲೇ ನಿಲ್ಲುತ್ತಾನೆ. ಹಿಂದಿಯ ಪಾರಿಭಾಷಿಕ ಕೋಶಗಳು ಇದಕ್ಕೆ ‘ಪ್ರತಿಬಲ’ ಎಂದೂ ಎರಡನೆಯದಕ್ಕೆ ‘ವಿಕೃತಿ’ ಎಂದೂ ಹೇಳುತ್ತವೆ. ಪ್ರತಿಬಲ ಕೇಳಿದಾಗ ಅದೂ ಒಂದು ಬಲವೆಂದೇ ಅನ್ನಿಸುತ್ತದೆ. ಆದರೆ ಅದು ಬಲವಲ್ಲ, ವಿಸ್ತೀರ್ಣಕ್ಕೆ ಹಂಚಿದ ಬಲ. ವಿಕೃತಿಯಂತೂ ನಮ್ಮ ಕಿವಿಗೆ ಮನಸ್ಸಿನ ಕೇಡನ್ನು ಹೇಳುತ್ತದೆ. ಇಲ್ಲಿ ನನ್ನ ಆಯ್ಕೆ ಸ್ಪಷ್ಟ: ಸ್ಟ್ರೆಸ್, ಸ್ಟ್ರೈನ್. ಇವಕ್ಕೆ ಕನ್ನಡದ ವಿಭಕ್ತಿ ಸರಾಗವಾಗಿ ಹತ್ತುತ್ತದೆ. ಕಾಂಕ್ರೀಟಿನ ಕಾಮಗಾರಿಗೆ ಇಳಿದವರು ತೆರೆದು ನೋಡಬೇಕಾದ ಐಎಸ್ 456 ಸಂಹಿತೆಯಲ್ಲಿಯೂ ಇದೇ ಪದಗಳಿವೆ.

ಹಾಗೆಂದು ಮೂರನೆಯದಕ್ಕೂ ಇಂಗ್ಲಿಷನ್ನೇ ತಂದರೆ ಕೆಟ್ಟಿತು. ‘ಎಲಾಸ್ಟಿಕ್’ ಎಂದ ಕೂಡಲೇ ಹುಡುಗರ ಕಣ್ಣ ಮುಂದೆ ಬರುವುದು ಪೈಜಾಮದ ಸೊಂಟಪಟ್ಟಿ. ಸುಲಭವಾಗಿ ಹಿಗ್ಗುವುದೇ ಆ ಗುಣವೆಂದು ಅವರು ನಂಬುತ್ತಾರೆ. ಭೌತಶಾಸ್ತ್ರದ ದೃಷ್ಟಿಯಲ್ಲಿ ಉಕ್ಕು ರಬ್ಬರಿಗಿಂತ ಹೆಚ್ಚು ಎಲಾಸ್ಟಿಕ್ ಎಂದಾಗ ಕಕ್ಕಾಬಿಕ್ಕಿಯಾಗುತ್ತಾರೆ. ‘ಸ್ಥಿತಿಸ್ಥಾಪಕತ್ವ’ ಉದ್ದದ ಪದ, ನಿಜ. ಆದರೆ ಇದ್ದ ಸ್ಥಿತಿಯನ್ನು ಮರಳಿ ಸ್ಥಾಪಿಸುವುದು ಎಂಬ ಅರ್ಥ ಅದರ ಒಳಗೇ ಇದೆ, ನಮ್ಮ ಸರಳು ಮಾಡಿದ್ದೂ ಅದನ್ನೇ. ಕನ್ನಡ ಶಾಲೆಯಿಂದ ಬಂದವರಿಗೆ ಅದು ಪರಿಚಿತವೂ ಹೌದು. ಸಂಸ್ಕೃತ ಪದವೆಂಬ ಒಂದೇ ಕಾರಣಕ್ಕೆ ಇದನ್ನು ಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ನಗರದಲ್ಲಿ ನಿಂತು ಮೂರನೆಯ ದಾರಿಯನ್ನು ಮರೆಯುವಂತಿಲ್ಲ. ನಾವು ನಿಜಾಮರ ರಾಜ್ಯದಲ್ಲಿದ್ದಾಗ, 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಕಲಿಸುತ್ತಿತ್ತು. ಅದಕ್ಕೆಂದೇ ಇದ್ದ ಅನುವಾದ ಸಂಸ್ಥೆ ಹೆಚ್ಚಾಗಿ ಅರಬ್ಬೀ, ಫಾರಸಿಗಳಿಂದ ಪಾರಿಭಾಷಿಕ ಪದಗಳನ್ನು ಕಟ್ಟಿತು. 1948ರ ನಂತರ ಮಾಧ್ಯಮ ಬದಲಾಯಿತು. ಅದೇ ಭಾಷೆಗಳಿಂದ ಬಂದ ‘ಕಮಾನು’, ‘ಬುನಾದಿ’ ಮಾತ್ರ ಇಂದಿಗೂ ನಮ್ಮ ಮೇಸ್ತ್ರಿಗಳ ಬಾಯಲ್ಲಿವೆ. ಅವು ಯಾವ ಸಮಿತಿಯಿಂದಲೂ ಬಂದವಲ್ಲ, ಕಟ್ಟಡ ಕಟ್ಟುವವರ ಜೊತೆಗೆ ಬಂದವು. 1367ರ ಜಾಮಿ ಮಸೀದಿಯ ಸಾಲು ಕಮಾನುಗಳು ನಮ್ಮ ಕೋಟೆಯಲ್ಲೇ ಇರುವಾಗ ಆ ರಚನೆಗೆ ಹೊಸ ಸಂಸ್ಕೃತ ಪದವೂ ಬೇಡ, ‘ಆರ್ಚ್’ ಕೂಡ ಬೇಡ.

ಕ್ರಿಯೆಗಳಿಗಂತೂ ಅಚ್ಚಗನ್ನಡವೇ ಬಲು ಚೆನ್ನ. ಎರಡು ಗೋಡೆಗಳ ಮೇಲೆ ಹಾಸಿದ ಶಹಾಬಾದ್ ಕಲ್ಲಿನ ಚಪ್ಪಡಿಯನ್ನು ತೆಗೆದುಕೊಳ್ಳಿ. ಮೇಲೆ ಭಾರ ಬಿದ್ದಾಗ ಚಪ್ಪಡಿ ಬಾಗಲು ನೋಡುತ್ತದೆ, ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಜಗ್ಗಿಕೊಳ್ಳುತ್ತದೆ. ಕಲ್ಲು ಒತ್ತುವುದನ್ನು ತಾಳುವಷ್ಟು ಜಗ್ಗುವುದನ್ನು ತಾಳದು, ಆದ್ದರಿಂದ ಬಿರುಕು ತಳದಿಂದ ಏಳುತ್ತದೆ. ಈ ಮಾತನ್ನು ‘ಸಂಪೀಡನ’, ‘ತನ್ಯತೆ’ಗಳಲ್ಲಿ ಹೇಳಿದರೆ ಮಾಳಿಗೆಯ ಕೆಳಗೆ ಬಿರುಕು ನೋಡಿ ಬೆಳೆದ ಹುಡುಗಿಗೂ ಅದು ಬೇರೆ ಯಾವುದೋ ಸಂಗತಿ ಅನ್ನಿಸುತ್ತದೆ.

ಇಂಗ್ಲಿಷ್ ಪದ ತಂದಲ್ಲಿ ಒಂದು ಕೆಲಸವನ್ನು ಬಿಡದೆ ಮಾಡಬೇಕು: ಕಾಗುಣಿತ ಒಂದೇ ಇರಬೇಕು. ಕತ್ತರಿಯ ಬಲವನ್ನು ಒಬ್ಬರು ‘ಶಿಯರ್’ ಎಂದು, ಇನ್ನೊಬ್ಬರು ‘ಷಿಯರ್’ ಎಂದು, ಮತ್ತೊಬ್ಬರು ‘ಶೀಯರ್’ ಎಂದು ಬರೆದರೆ ಅಕಾರಾದಿ ಸೂಚಿಯಲ್ಲಿ ಅದು ಮೂರು ಕಡೆ ಚದುರುತ್ತದೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದು ಸಿಕ್ಕು ಎರಡು ತಪ್ಪುತ್ತವೆ. ಅಧ್ಯಾಯಗಳನ್ನು ಹಲವರು ಹಂಚಿಕೊಂಡು ಬರೆಯುವ ಪುಸ್ತಕದಲ್ಲಿ ಹೀಗಾಗುವುದು ಸಹಜ. ಆದ್ದರಿಂದ ಮೊದಲ ಅಧ್ಯಾಯಕ್ಕೆ ಕೈ ಹಾಕುವ ಮುನ್ನವೇ ಎಲ್ಲ ಲೇಖಕರೂ ಕೂಡಿ ಪದಪಟ್ಟಿ ಮಾಡಿಕೊಳ್ಳಿ. ಪ್ರತಿ ಪದದ ಎದುರು ಅದರ ಸಂಕೇತಾಕ್ಷರವನ್ನೂ ಬರೆದಿಡಿ: ಸ್ಟ್ರೆಸ್ ಎದುರು σ, ಸ್ಟ್ರೈನ್ ಎದುರು ε.