ಸಾಲಿನ ಬಾಲ ಹಿಡಿದು ಓದಿ

ಕೇಳುಗರಿಗೆ ನಮಸ್ಕಾರ. ಡೊಂಬಿವಿಲಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಠಾಣೆಯ ಒಂದು ಆಫೀಸಿನಲ್ಲಿ ಬಿಲ್ಲುಗಳ ಲೆಕ್ಕ ನೋಡುತ್ತಾಳೆ. ಊರು ಧಾರವಾಡ. ಮೊನ್ನೆ ಫೋನ್ ಹಿಡಿದು ಬಂದಳು. "ಕಾಕಾ, ಈ ಮೇಲ್ ಒಂದು ನೋಡ್ರಿ. ಕಳಿಸ್ಲೇನ್ರಿ?" ಮೂರೇ ಸಾಲು.

ಮೊದಲ ಸಾಲು: 'ದ ಲಿಸ್ಟ್ ಆಫ್ ಪೆಂಡಿಂಗ್ ಬಿಲ್ಸ್ ಆರ್ ಅಟ್ಯಾಚ್ಡ್.' ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. 'ಬಾಕಿ ಬಿಲ್ಲುಗಳ ಪಟ್ಟಿ ಇದೆ.' ಇಲ್ಲಿ ಕ್ರಿಯಾಪದದ ಯಜಮಾನ 'ಪಟ್ಟಿ'. ಅದು ಕ್ರಿಯಾಪದಕ್ಕೆ ಅಂಟಿಕೊಂಡೇ ನಿಂತಿದೆ. ಹಾಗಾಗಿ ಪಕ್ಕದ ಪದ ಕೇಳಿಸಿಕೊಂಡರೆ ನಮಗೆ ಸಾಕು. ಇಂಗ್ಲಿಷಿನಲ್ಲಿ ಪಟ್ಟಿ ಮುಂದೆ ಹೋಗಿಬಿಡುತ್ತದೆ, ಕ್ರಿಯಾಪದದ ಪಕ್ಕ ಬಿಲ್ಲುಗಳು ಬಂದು ಕೂರುತ್ತವೆ. ಹಳೇ ಅಭ್ಯಾಸದ ಕಿವಿ ಬಿಲ್ಲುಗಳಿಗೆ 'ಆರ್' ಹಾಕುತ್ತದೆ. 'ಆಫ್'ನಿಂದ ಮುಂದಿನದನ್ನು ಬೆರಳಲ್ಲಿ ಮುಚ್ಚಿ ಎಂದೆ. ಲಿಸ್ಟ್ ಮಾತ್ರ ಉಳಿಯಿತು. 'ಈಸ್' ಎಂದು ಅವಳೇ ತಿದ್ದಿದಳು. ಆದರೆ 'ಎ ನಂಬರ್ ಆಫ್ ಬಿಲ್ಸ್' ಎಂದಾಗ ಈ ಬೆರಳು ಮೋಸ ಮಾಡುತ್ತದೆ. ಅದರ ಅರ್ಥ 'ಹಲವು ಬಿಲ್ಲುಗಳು'. ಅಲ್ಲಿ 'ಆರ್' ಸರಿ.

ಎರಡನೇ ಸಾಲು: 'ಐ ಹ್ಯಾವ್ ಸೆಂಟ್ ದ ಕಾಪೀಸ್ ಲಾಸ್ಟ್ ಮಂಡೇ.' ಕನ್ನಡದಲ್ಲಿ 'ಕಳೆದ ಸೋಮವಾರ ಕಳಿಸಿದ್ದೇನೆ' ಎಂದರೆ ಏನೂ ತಪ್ಪಿಲ್ಲ, ಅಲ್ವಾ? ಇಂಗ್ಲಿಷಿನ 'ಹ್ಯಾವ್ ಸೆಂಟ್' ಮಾತ್ರ ಮುಗಿದುಹೋದ ದಿನದ ಜೊತೆ ಕೂರುವುದಿಲ್ಲ. ದಿನ ಹೇಳಿದರೆ ಸುಮ್ನೆ 'ಸೆಂಟ್'. ದಿನ ಹೇಳದಿದ್ದರೆ 'ಹ್ಯಾವ್ ಸೆಂಟ್' ಇರಲಿ. 'ಟುಡೇ', 'ದಿಸ್ ವೀಕ್' ಇನ್ನೂ ಮುಗಿದಿಲ್ಲ, ಅವುಗಳ ಜೊತೆಗೂ ನಡೆಯುತ್ತದೆ.

ತಪ್ಪು ನುಸುಳುವ ಜಾಗ ನೋಡಿ. ನಾವು ಕಾಲ ಹೇಳಿ ಆಮೇಲೆ ಕ್ರಿಯಾಪದಕ್ಕೆ ಬರುವವರು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬರೆದಾಗಿರುತ್ತದೆ, ಸೋಮವಾರ ಕೊನೆಗೆ ನೆನಪಾಗುತ್ತದೆ. ಹಿಂದೆ ಹೋಗಿ ತಿದ್ದುವವರು ಯಾರು? ಸ್ಪೆಲ್ಲಿಂಗ್ ನೋಡಿದರೆ ಒಂದೊಂದು ಪದವೂ ಸರಿಯಾಗಿಯೇ ಇರುತ್ತದೆ. ಅದಕ್ಕೇ ನಾನು ಸಾಲನ್ನು ಬಾಲದಿಂದ ಓದುತ್ತೇನೆ. ಕೊನೆಯಲ್ಲಿ ಯೆಸ್ಟರ್ಡೇ, ಅಗೋ, ಲಾಸ್ಟ್ ಏನಾದರೂ ಇದೆಯಾ? ಇದ್ದರೆ ಹಿಂದಕ್ಕೆ ಹೋಗಿ 'ಹ್ಯಾವ್' ಹೊಡೆದುಹಾಕಿ, ಸುಮ್ನೆ ಭೂತಕಾಲದ ರೂಪ ಬರೆಯುತ್ತೇನೆ.

ಬಾಲದಲ್ಲಿ 'ಸಿನ್ಸ್' ಕಂಡರೆ ಲೆಕ್ಕ ತಿರುಗುಮುರುಗು. ಮೂರನೇ ಸಾಲು ಅದೇ: 'ಐ ಆಮ್ ಹ್ಯಾಂಡ್ಲಿಂಗ್ ದಿಸ್ ಅಕೌಂಟ್ ಸಿನ್ಸ್ ಮಾರ್ಚ್.' ಮಾರ್ಚಿನಿಂದ ನೋಡ್ತಾ ಇದ್ದೀನಿ ಎನ್ನುವುದರ ನೇರ ನಕಲು. ಇಲ್ಲಿ 'ಹ್ಯಾವ್' ಬೇಕೇ ಬೇಕು: 'ಐ ಹ್ಯಾವ್ ಬೀನ್ ಹ್ಯಾಂಡ್ಲಿಂಗ್.'

ಮೂರೂ ತಿದ್ದಿ ಕಳಿಸಿದಳು. ಐದೇ ನಿಮಿಷಕ್ಕೆ ಅವಳ ಸಾಹೇಬರ ಉತ್ತರ ಬಂತು: 'ಐ ಹ್ಯಾವ್ ಸೀನ್ ದ ಕಾಪೀಸ್ ಯೆಸ್ಟರ್ಡೇ.' ಅವರ ಮನೆಮಾತು ಮರಾಠಿ. ಅಲ್ಲೂ ಕ್ರಿಯಾಪದ ಕೊನೆಗೇ ಬರೋದು.