ಸಾಲಿನಲ್ಲಿರುವ ಚೀಟಿ, ಕೈಯಲ್ಲಿರುವ ಮಾತ್ರೆ

ಮಾನ್ಯರೇ,

ಔಷಧಾಲಯದಲ್ಲಿ ಮೊದಲು ಬಂದ ಚೀಟಿಯನ್ನೇ ಮೊದಲು ಕೈಗೆತ್ತಿಕೊಳ್ಳುವುದು ನ್ಯಾಯವೆನಿಸುತ್ತದೆ. ಆದರೆ ಯಾವ ಚೀಟಿಗೆ ವೈದ್ಯರ ಉತ್ತರ ಬೇಕಾಗುತ್ತದೆ ಎಂಬುದು ಅದನ್ನು ಓದುವವರೆಗೆ ತಿಳಿಯದು. ಆದ್ದರಿಂದ ಬಂದ ಪ್ರತಿ ಚೀಟಿಯನ್ನೂ ಬಂದ ಕೂಡಲೇ ಒಮ್ಮೆ ಓದಿ, ಆಮೇಲೆ ಸಾಲಿಗೆ ಸೇರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಡವಾದರೆ ರೋಗಿಗೆ ಹಾನಿಯಾಗುವ ಚೀಟಿ ಎಲ್ಲಕ್ಕಿಂತ ಮುಂದಿರಬೇಕು. ವೈದ್ಯರನ್ನು ಕೇಳಬೇಕಾದ ಚೀಟಿಯ ಕೆಲಸವನ್ನೂ ಆಗಲೇ ಆರಂಭಿಸಬೇಕು, ಏಕೆಂದರೆ ಉತ್ತರ ಬರುವವರೆಗಿನ ಸಮಯದಲ್ಲಿ ಉಳಿದ ಚೀಟಿಗಳನ್ನು ಮುಗಿಸಬಹುದು.

ಒಂದು ಉದಾಹರಣೆಯನ್ನು ನೋಡೋಣ. ಸಂಧಿವಾತಕ್ಕಾಗಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ, 68 ವರ್ಷದ ಮಹಿಳೆಯೊಬ್ಬರ ಚೀಟಿ ಸಾಲಿನಲ್ಲಿ ನಾಲ್ಕನೆಯದು. ಅದರಲ್ಲಿ 2.5 ಮಿಲಿಗ್ರಾಂನ ಆರು ಮಾತ್ರೆಗಳು, ಅಂದರೆ 15 ಮಿಲಿಗ್ರಾಂ, ಎಂದಿದೆ. ಎಷ್ಟು ದಿನಕ್ಕೊಮ್ಮೆ ಎಂದು ಬರೆದಿಲ್ಲ. ಅದರ ಕೆಳಗೆ ಮೂತ್ರದ ಸೋಂಕಿಗೆಂದು ಕೋ-ಟ್ರೈಮಾಕ್ಸಜೋಲ್ ಹೊಸದಾಗಿ ಸೇರಿದೆ.

ಇಲ್ಲಿರುವ ಅಪಾಯಗಳು ಎರಡು. ಸಂಧಿವಾತಕ್ಕೆ ಈ ಔಷಧವನ್ನು ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ; ದಿನವೂ ತೆಗೆದುಕೊಂಡವರು ಸತ್ತದ್ದುಂಟು. ಇನ್ನು ಕೋ-ಟ್ರೈಮಾಕ್ಸಜೋಲ್‌ನಲ್ಲಿರುವ ಟ್ರೈಮೆಥೊಪ್ರಿಮ್ ಕೂಡ ಮೆಥೊಟ್ರೆಕ್ಸೇಟ್‌ನಂತೆಯೇ ಫೋಲೇಟ್ ಎಂಬ ಜೀವಸತ್ವದ ಕೆಲಸಕ್ಕೆ ಅಡ್ಡಿಮಾಡುವುದರಿಂದ, ಎರಡೂ ಕೂಡಿದಾಗ ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿ ಕುಸಿಯಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಮೆಥೊಟ್ರೆಕ್ಸೇಟ್ ದೇಹದಲ್ಲೇ ಉಳಿದು ಅಪಾಯ ಇನ್ನೂ ಹೆಚ್ಚುತ್ತದೆ. ಬಾಯಿಹುಣ್ಣು, ಜ್ವರ, ಕಾರಣವಿಲ್ಲದೆ ಚರ್ಮದ ಮೇಲೆ ಮೂಡುವ ನೀಲಿ ಗುರುತುಗಳು ಇದರ ಮೊದಲ ಸೂಚನೆಗಳು.

ಹಾಗಾಗಿ ಫಾರ್ಮಸಿಸ್ಟ್ ಮಾತ್ರೆಯ ಡಬ್ಬಿಗೆ ಕೈಹಾಕುವ ಮೊದಲೇ ರೋಗಿಯ ಹೆಸರು, ಹುಟ್ಟಿದ ದಿನಾಂಕ, ಅಲರ್ಜಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳು, ಇತ್ತೀಚಿನ ರಕ್ತಪರೀಕ್ಷೆ ಇವುಗಳನ್ನು ನೋಡಿ ವೈದ್ಯರಿಗೆ ಕರೆಮಾಡಬೇಕು. ಸೋಂಕಿಗೆ ಬೇರೆ ಔಷಧ ಆಗಬಹುದೇ, ಮೆಥೊಟ್ರೆಕ್ಸೇಟ್ ವಾರದ ಯಾವ ದಿನ ಎಂದು ಕೇಳಿ, ಬಂದ ಉತ್ತರವನ್ನು ಸಮಯದೊಂದಿಗೆ ಬರೆದಿಡಬೇಕು. ಮಾತ್ರೆಗಳನ್ನು ಎಣಿಸಿ ಲೇಬಲ್ ಅಂಟಿಸಿದ ಮೇಲೆ ಈ ಪರಿಶೀಲನೆ ನಡೆದರೆ, ಸಿದ್ಧವಾಗಿರುವ ಪೊಟ್ಟಣವನ್ನು ಸರಿಯೆಂದೇ ನೋಡುವ ಮನಸ್ಸಾಗುತ್ತದೆ. ಇದನ್ನು ನಾನು ಕೆಲಸದಲ್ಲಿ ಮತ್ತೆಮತ್ತೆ ಕಂಡಿದ್ದೇನೆ.

ಕೊನೆಯ ತಪಾಸಣೆಯನ್ನು ಸಾಧ್ಯವಾದಷ್ಟೂ ಇನ್ನೊಬ್ಬರು ಮಾಡಬೇಕು. ಮಾತ್ರೆಯನ್ನು ಲೇಬಲ್ ಜೊತೆ ಹೋಲಿಸಿ ಮುಗಿಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಲೇಬಲ್ಲೇ ತಪ್ಪಾಗಿದ್ದರೆ ಅದು ಹಾಗೆ ತಿಳಿಯುವುದಿಲ್ಲ. ಮೂಲ ಚೀಟಿಯನ್ನು ಮುಂದಿಟ್ಟುಕೊಂಡು ಮಾತ್ರೆಯನ್ನೂ ಲೇಬಲನ್ನೂ ಬೇರೆಬೇರೆಯಾಗಿ ಅದಕ್ಕೆ ತಾಳೆ ನೋಡಬೇಕು. ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂನಲ್ಲೂ ದೊರೆಯುವುದರಿಂದ ಮಾತ್ರೆಯ ಶಕ್ತಿಯನ್ನು ಗಟ್ಟಿಯಾಗಿ ಓದುವುದು ಒಳ್ಳೆಯದು. ಲೇಬಲ್ ಮೇಲೆ "ವಾರಕ್ಕೊಮ್ಮೆ, ಸೋಮವಾರ" ಎಂದು ದಿನದ ಹೆಸರೇ ಇರಬೇಕು.

ಪೊಟ್ಟಣ ಕೊಡುವಾಗ "ಇದನ್ನು ಯಾವಾಗ ತೆಗೆದುಕೊಳ್ಳುತ್ತೀರಿ?" ಎಂದು ಆ ತಾಯಿಯನ್ನೇ ಕೇಳಬೇಕು. "ದಿನಾ ಬೆಳಿಗ್ಗೆ" ಎಂಬ ಉತ್ತರ ಬಂದರೆ, ಹಿಂದೆ ಎಷ್ಟು ದಿನ ಹಾಗೆ ತೆಗೆದುಕೊಂಡಿದ್ದಾರೆಂದು ವಿಚಾರಿಸಿ, ಪೊಟ್ಟಣವನ್ನು ನಮ್ಮಲ್ಲೇ ಇಟ್ಟುಕೊಂಡು ತಕ್ಷಣ ವೈದ್ಯರನ್ನು ಸಂಪರ್ಕಿಸಬೇಕು.